ಮ್ಯಾಂಚೆಸ್ಟರಿನ S ನಮ್ಮ ತುಮಕೂರಿನಲ್ಲಿ ಎಷ್ಟು?

ಅಣ್ಣನ ಮಗಳ ನಿಶ್ಚಿತಾರ್ಥಕ್ಕೆ ಹುಡುಗನ ಉಂಗುರ ಮಾಡಿಸುವ ಕೆಲಸ ನನ್ನ ತಲೆಗೆ ಬಂತು. ಹುಡುಗ ಇರುವುದು ಮ್ಯಾಂಚೆಸ್ಟರಿನಲ್ಲಿ, ಉಂಗುರ ಮಾಡುವವರು ತುಮಕೂರಿನ ನಮ್ಮ ಆಚಾರ್ರು. ಅವನು ಅಲ್ಲಿನ ಒಂದು ಅಂಗಡಿಯಲ್ಲಿ ಬೆರಳು ಅಳೆಸಿ ಮೆಸೇಜ್ ಕಳಿಸಿದ: "ಅಂಕಲ್, ನನ್ನ ಸೈಜ್ S." ಅಷ್ಟೇ. ಆಚಾರ್ರಿಗೆ ಅದನ್ನೇ ಹೇಳಿದೆ. ಅವರು ಕನ್ನಡಕ ಮೇಲೆ ಸರಿಸಿ, "ಎಸ್ಸೂ ಇಲ್ಲ ಎಮ್ಮೂ ಇಲ್ಲ ಸರ್, ಇದೇನು ಷರ್ಟಾ? ನನಗೆ ನಂಬರ್ ಹೇಳಿ" ಅಂದರು.

ಅವರು ಕೇಳಿದ್ದು ತಪ್ಪಲ್ಲ. ಅವರ ಕೈಯಲ್ಲಿರುವ ಸೈಜ್ ಕಡ್ಡಿಯ ಮೇಲೆ ಇರುವುದು ಬರೀ ಅಂಕಿಗಳು. ತುದಿಯಲ್ಲಿ ಸಣ್ಣಗೆ, ಬುಡಕ್ಕೆ ಬರುತ್ತಾ ದಪ್ಪಗಾಗುವ ಕಡ್ಡಿ ಅದು. ಉಂಗುರವನ್ನು ತೂರಿಸಿದಾಗ ಯಾವ ಗೆರೆಯ ಮೇಲೆ ನಿಲ್ಲುತ್ತದೋ ಅದೇ ಅದರ ನಂಬರ್.

ಮೊದಲು ಎಲ್ಲರೂ ಮಾಡುವುದನ್ನೇ ಮಾಡಿದೆ, ಮೊಬೈಲಿನಲ್ಲಿ ಪಟ್ಟಿಗಳನ್ನು ಹುಡುಕಿದೆ. ಒಂದರಲ್ಲಿ S ಎದುರಿಗೆ ಅಮೆರಿಕದ 9 ಅಂತ ಇತ್ತು, ಇನ್ನೊಂದರಲ್ಲಿ 9¼. ನಮ್ಮ ನಂಬರಿನ ಜಾಗದಲ್ಲಿ ಒಂದು ಕಡೆ 19, ಇನ್ನೊಂದು ಕಡೆ 20. ನಾನು ಪೀಣ್ಯದ ಮಷೀನ್ ಶಾಪಿನಲ್ಲಿ ವರ್ನಿಯರ್ ಹಿಡಿದು ದುಡಿದವನು. ಒಂದೇ ತೂತಿಗೆ ಎರಡು ಅಳತೆ ಕೊಟ್ಟರೆ ಎರಡನ್ನೂ ನಂಬಬಾರದು, ಅಳತೆ ಹುಟ್ಟಿದ ಜಾಗಕ್ಕೆ ಹೋಗಬೇಕು. ಇಲ್ಲಿ ಆ ಜಾಗ ಉಂಗುರದ ಒಳಸುತ್ತಳತೆ, ಮಿಲಿಮೀಟರಿನಲ್ಲಿ. ಬ್ರಿಟನ್ನಿನ ಅಕ್ಷರ, ಅಮೆರಿಕದ ನಂಬರ್, ನಮ್ಮ ನಂಬರ್, ಮೂರೂ ಅದಕ್ಕೇ ಅಂಟಿಸಿದ ಬೇರೆ ಬೇರೆ ಚೀಟಿಗಳು.

ಬ್ರಿಟನ್ನಿನ ಅಕ್ಷರದ ಲೆಕ್ಕ ನೋಡಿದರೆ ಖುಷಿಯಾಗುತ್ತದೆ, ಅಷ್ಟು ನೇರ. ಅಲ್ಲಿನ ಬಿಎಸ್ 6820 ಎಂಬ ಮಾನಕ 1987ರದು. C ಅಂದರೆ ಒಳಸುತ್ತಳತೆ 40 ಮಿ.ಮೀ. ಅಲ್ಲಿಂದ ಒಂದೊಂದು ಅಕ್ಷರಕ್ಕೆ 1.25 ಮಿ.ಮೀ. ಹೆಚ್ಚು. ನಡುವೆ ಅರ್ಧ ಅಕ್ಷರವೂ ಉಂಟು, R½ ಅಂತೆಲ್ಲ ಬರೆಯುತ್ತಾರೆ. ನಾಲ್ಕು ಅಕ್ಷರ ದಾಟಿದರೆ ಸರಿಯಾಗಿ 5 ಮಿ.ಮೀ. ಆಗುತ್ತದೆ. ಹಾಗಾಗಿ C 40, G 45, K 50, O 55, S 60, W 65. ಈ ಆರು ಅಕ್ಷರ ನೆನಪಿದ್ದರೆ ಪಟ್ಟಿಯೇ ಬೇಡ. P ಬೇಕಾದರೆ O ಜೊತೆ 1.25 ಕೂಡಿಸಿ, 56.25. ಮೂರನ್ನೂ ಸೂತ್ರದಲ್ಲಿ ಬರೆಯುವುದಾದರೆ, ಬ್ರಿಟನ್ನಿನದರಲ್ಲಿ n ಅಂದರೆ A ಒಂದು, B ಎರಡು ಅಂತ ಎಣಿಸಿದ ಅಂಕಿ, ಉಳಿದೆರಡರಲ್ಲಿ n ಅಂದರೆ ಅಲ್ಲಲ್ಲಿನ ನಂಬರ್:

```
ಬ್ರಿಟನ್:  mm = 36.25 + 1.25 × n
ಅಮೆರಿಕ:  mm = 36.5 + 2.55 × n
ನಮ್ಮದು:  mm ≈ 40 + n
```

ನಮ್ಮ ಹುಡುಗನ S ಹತ್ತೊಂಬತ್ತನೇ ಅಕ್ಷರ. 19ನ್ನು 1.25ರಿಂದ ಗುಣಿಸಿದರೆ 23.75, ಅದಕ್ಕೆ 36.25 ಸೇರಿಸಿದರೆ ಸರಿಯಾಗಿ 60.

ಅಮೆರಿಕದ ನಂಬರಿನ ಬುಡ ಬೇರೆ. ಅದು ಹುಟ್ಟಿದ್ದು ಇಂಚಿನ ವ್ಯಾಸದಿಂದ. ಒಂದೊಂದು ನಂಬರಿಗೆ ಒಳವ್ಯಾಸ 0.032 ಇಂಚು ಬೆಳೆಯುತ್ತದೆ. ಅದನ್ನು ಮಿಲಿಮೀಟರಿನ ಸುತ್ತಳತೆಗೆ ತಂದರೆ ಸುಮಾರು 2.55 ಆಗುತ್ತದೆ. ಅಂದರೆ ಅಮೆರಿಕದ ಒಂದು ನಂಬರ್ ಅಂದರೆ ಬ್ರಿಟನ್ನಿನ ಎರಡು ಅಕ್ಷರ, ಅದಕ್ಕಿಂತ ಕೂದಲಷ್ಟು ಜಾಸ್ತಿ. ಈ ಕೂದಲೇ ಪಟ್ಟಿಗಳು ಜಗಳವಾಡಲು ಕಾರಣ. ಎರಡು ಗೆರೆಗಳು ಹೆಚ್ಚಿನ ಕಡೆ ಸರಿಯಾಗಿ ಒಂದರ ಮೇಲೊಂದು ಕೂರುವುದಿಲ್ಲ. ಹಾಗಾಗಿ ಪಟ್ಟಿ ಬರೆದವರು ಒಬ್ಬರು ಮೇಲಕ್ಕೆ, ಒಬ್ಬರು ಕೆಳಕ್ಕೆ ದುಂಡಾಗಿಸಿಬಿಡುತ್ತಾರೆ. 60 ಮಿ.ಮೀ. ಅಮೆರಿಕದ ಲೆಕ್ಕದಲ್ಲಿ 9.2. ಇದನ್ನು 9 ಅಂತಲೂ ಬರೆಯಬಹುದು, 9¼ ಅಂತಲೂ ಬರೆಯಬಹುದು. ಇಬ್ಬರೂ ಸುಳ್ಳು ಹೇಳಿಲ್ಲ.

ತೊಂದರೆ ಶುರುವಾಗುವುದು ಈ ದುಂಡಾಗಿಸಿದ ಅಂಕಿಯನ್ನು ಹಿಡಿದುಕೊಂಡು ಮುಂದಕ್ಕೆ ಹೋದಾಗ. ನಮ್ಮಲ್ಲಿ ಎಷ್ಟೋ ಜನ ಬ್ರಿಟನ್ನಿನಿಂದ ಅಮೆರಿಕಕ್ಕೆ, ಅಮೆರಿಕದಿಂದ ನಮ್ಮ ನಂಬರಿಗೆ, ಹೀಗೆ ಎರಡು ಪಟ್ಟಿ ದಾಟುತ್ತಾರೆ. S ಅಂದರೆ 60. ಪಟ್ಟಿ ಅದನ್ನು 9 ಅಂದಿತು, ಅಂದರೆ 59.5. ಎರಡನೇ ಪಟ್ಟಿ 59.5ನ್ನು ನಮ್ಮ 19 ಅಂದಿತು, ಅಂದರೆ 59. ಎರಡು ಹೆಜ್ಜೆಯಲ್ಲಿ ಒಂದು ಮಿ.ಮೀ. ಹೋಯಿತು. ಈಗ 59ನ್ನು ಅಕ್ಷರಕ್ಕೆ ತಿರುಗಿಸಿ ನೋಡಿ. R ಅಂದರೆ 58.75. S ಕೇಳಿದ ಹುಡುಗನ ಕೈಗೆ ಹೆಚ್ಚು ಕಮ್ಮಿ R ಬಂದು ಕೂರುತ್ತದೆ, ಗೆಣ್ಣು ದಾಟುವುದಿಲ್ಲ. ಅದಕ್ಕೇ ನನ್ನ ಮಾತು ಇಷ್ಟೇ: ಅಕ್ಷರದಿಂದ ಮಿಲಿಮೀಟರಿಗೆ ಬನ್ನಿ, ಮಿಲಿಮೀಟರಿನಿಂದ ನೇರ ಕಡ್ಡಿಗೆ ಹೋಗಿ. ದುಂಡಾಗಿಸುವುದಿದ್ದರೆ ಕೊನೆಯಲ್ಲಿ ಒಂದೇ ಸಲ.

ಇನ್ನೊಂದು ಎಡವಟ್ಟು ಇದಕ್ಕಿಂತ ದೊಡ್ಡದು. ಫೋನಿನಲ್ಲಿ ಯಾರಾದರೂ "ಸೈಜ್ ಒಂಬತ್ತು" ಅಂದರೆ ಯಾವ ಒಂಬತ್ತು ಅಂತ ಕೇಳಲೇಬೇಕು. ಅಮೆರಿಕದ 9 ಗಂಡಸಿನ ಬೆರಳು, 59.5 ಮಿ.ಮೀ. ನಮ್ಮ 9 ಸುಮಾರು 49 ಮಿ.ಮೀ., ತೆಳ್ಳನೆಯ ಹುಡುಗಿಯ ಬೆರಳು. ಅಕ್ಷರದಲ್ಲಿ ಈ ಗೊಂದಲವಿಲ್ಲ. S ಅಂದರೆ ಯಾರೂ ಅದನ್ನು ನಮ್ಮ ನಂಬರ್ ಅಂದುಕೊಳ್ಳುವುದಿಲ್ಲ.

ನಮ್ಮ ನಂಬರಿನ ಲೆಕ್ಕದಲ್ಲಿ "ಹೆಚ್ಚು ಕಮ್ಮಿ" ಅನ್ನುವ ಗುರುತು ಹಾಕಿದ್ದು ಸುಮ್ನೆ ಅಲ್ಲ. ಸುತ್ತಳತೆಯಲ್ಲಿ 40 ಕಳೆದರೆ ನಂಬರ್ ಬರುತ್ತದೆ ಅನ್ನುವುದು ಒಂದು ಅಂದಾಜಿಗೆ ಸರಿ. ಇಟಲಿಯಲ್ಲಿ ಇದೇ ಲೆಕ್ಕ ನಡೆಯುತ್ತದೆ. ಆದರೆ ನಮ್ಮ ಅಂಗಡಿಗಳ ಕಡ್ಡಿಗಳೆಲ್ಲ ಒಂದೇ ಅಚ್ಚಿನಿಂದ ಬಂದವಲ್ಲ. ಹಳೇ ಕಡ್ಡಿ ಸವೆದಿರಬಹುದು, ಗೆರೆ ಹೊಡೆದವನ ಕೈ ಜಾರಿರಬಹುದು. ಆದ್ದರಿಂದ ನಾನು ಆಚಾರ್ರ ಹತ್ತಿರ 20 ಅಂತ ಹೇಳಿ ಎದ್ದು ಬರಲಿಲ್ಲ. ವರ್ನಿಯರ್ ತೆಗೆದುಕೊಂಡು ಹೋಗಿ ಅವರ ಕಡ್ಡಿಯನ್ನೇ ಅಳೆದೆ.

ಕಡ್ಡಿಯ ಹೊರವ್ಯಾಸ ಅಳೆಯುವುದು ಸುಲಭ, ಆದರೆ ಒಂದು ಎಚ್ಚರ ಬೇಕು. ಅದು ಇಳಿಜಾರು ಕಡ್ಡಿ. ವರ್ನಿಯರ್ ಸ್ವಲ್ಪ ಓರೆಯಾದರೂ ಅಂಕಿ ಜಾಸ್ತಿ ಬರುತ್ತದೆ. ದವಡೆಯ ಚೂಪಾದ ತುದಿಯನ್ನು ಗೆರೆಯ ಮೇಲೆ ಸರಿಯಾಗಿ ಇಟ್ಟು, ಕಡ್ಡಿಯನ್ನು ಸ್ವಲ್ಪ ಆಡಿಸುತ್ತಾ, ಬರುವ ಅತಿ ಕಡಿಮೆ ಅಂಕಿಯನ್ನು ಹಿಡಿಯಬೇಕು. 20ರ ಗೆರೆಯಲ್ಲಿ 19.2 ಮಿ.ಮೀ. ಬಂತು. ಅದನ್ನು 3.1416ರಿಂದ ಗುಣಿಸಿದರೆ 60.3. ನಮ್ಮ ಲೆಕ್ಕದ 60ಕ್ಕಿಂತ 0.3 ಜಾಸ್ತಿ. ಆಚಾರ್ರು ಪಕ್ಕದಲ್ಲೇ ಕೂತು ನೋಡುತ್ತಿದ್ದರು. "ಈ ಕಡ್ಡಿಗೆ ನನಗಿಂತ ಜಾಸ್ತಿ ವಯಸ್ಸು ಸರ್, ಇಷ್ಟಾದರೂ ಸರಿ ಇದೆಯಲ್ಲ" ಅಂದರು. ನಿಜ ಹೇಳಬೇಕಂದರೆ ನಾನು ಇನ್ನೂ ಕೆಟ್ಟದಾಗಿರುತ್ತದೆ ಅಂದುಕೊಂಡಿದ್ದೆ.

ಇಲ್ಲಿ ವ್ಯಾಸಕ್ಕೂ ಸುತ್ತಳತೆಗೂ ಇರುವ ನಂಟನ್ನು ಗಮನಿಸಬೇಕು. ವ್ಯಾಸದಲ್ಲಿ 0.2 ಮಿ.ಮೀ. ತಪ್ಪಿದರೆ ಸುತ್ತಳತೆಯಲ್ಲಿ 0.6 ತಪ್ಪುತ್ತದೆ. ಅದು ಅರ್ಧ ಅಕ್ಷರ. ಮಕ್ಕಳ ಪ್ಲಾಸ್ಟಿಕ್ ಸ್ಕೇಲನ್ನು ಉಂಗುರದ ಮೇಲೆ ಅಡ್ಡಲಾಗಿ ಇಟ್ಟು "ಹತ್ತೊಂಬತ್ತು ಮಿ.ಮೀ. ಇದೆ" ಅನ್ನುವವರು ಒಂದು ಅಕ್ಷರ ಆಚೆ ಈಚೆ ಆಗುವುದು ಇದಕ್ಕೇ. ವರ್ನಿಯರ್ ಇಲ್ಲದವರು ವ್ಯಾಸದ ಗೊಡವೆಗೆ ಹೋಗದೆ ಸುತ್ತಳತೆಯನ್ನೇ ಅಳೆದರೆ ವಾಸಿ. ಅಲ್ಲಿ ಕಣ್ಣಿನ ತಪ್ಪು ಮೂರು ಪಟ್ಟು ಹಿಗ್ಗುವುದಿಲ್ಲ.

ಹುಡುಗನಿಗೂ ಅದನ್ನೇ ಮಾಡಲು ಹೇಳಿದೆ. ಅಂಗಡಿಯವರು S ಅಂದಿದ್ದು ನಿಜವಾ ಅಂತ ಇನ್ನೊಂದು ದಾರಿಯಿಂದ ನೋಡಬೇಕಿತ್ತು. ಅವನ ಬಲಗೈ ಉಂಗುರಬೆರಳಿಗೆ ಚೆನ್ನಾಗಿ ಕೂರುವ ಒಂದು ಹಳೇ ಬೆಳ್ಳಿ ಉಂಗುರ ಇತ್ತು. ಪ್ರಿಂಟರಿನ ಕಾಗದದಿಂದ ಎರಡು ಮೂರು ಮಿ.ಮೀ. ಅಗಲದ ಪಟ್ಟಿ ಕತ್ತರಿಸಿ, ಉಂಗುರದ ಒಳಗೆ ಗೋಡೆಗೆ ಒತ್ತಿಕೊಂಡು ಸುತ್ತಿಸಿ, ತುದಿಗಳು ಒಂದರ ಮೇಲೊಂದು ಬರುವ ಜಾಗದಲ್ಲಿ ಬ್ಲೇಡಿನಿಂದ ಎರಡನ್ನೂ ಒಟ್ಟಿಗೆ ಕೊಯ್ಯಬೇಕು. ಆಮೇಲೆ ಹೊರಗೆ ತೆಗೆದು, ಚಪ್ಪಟೆ ಮಾಡಿ, ಸ್ಟೀಲ್ ಸ್ಕೇಲಿನ ಮೇಲೆ ಅಳೆಯಬೇಕು. ಅವನಿಗೆ 59.6ರ ಹತ್ತಿರ ಬಂತು. ಕಾಗದಕ್ಕೂ ದಪ್ಪ ಇದೆ, ಸುಮಾರು 0.1 ಮಿ.ಮೀ. ಅದು ಗೋಡೆಗಿಂತ ಒಳಗಡೆ ಸುತ್ತುವುದರಿಂದ ಸ್ವಲ್ಪ ಗಿಡ್ಡ ಬರುತ್ತದೆ. ಅದಕ್ಕೆ 0.3 ಸೇರಿಸಿಕೊಳ್ಳಬೇಕು. 59.9. ಅಂಗಡಿಯ S ಸರಿಯಾಗಿತ್ತು.

ದಾರದ ಬಗ್ಗೆ ಒಂದು ಮಾತು. ದಾರ ಸುತ್ತಿ ಅಳತೆ ಕಳಿಸುವವರು ಈಗಲೂ ಇದ್ದಾರೆ. ಅಂಚೆಯಲ್ಲಿ ಬರುವ ದಾರದ ತುಂಡನ್ನು ನಾನು ನಂಬುವುದಿಲ್ಲ. ಎಳೆದರೆ ಹಿಗ್ಗುತ್ತದೆ, ಗಂಟು ಹಾಕಿದರೆ ಕುಗ್ಗುತ್ತದೆ, ಬೆರಳಿನ ಮಾಂಸದಲ್ಲಿ ಹೂತುಕೊಳ್ಳುತ್ತದೆ. ಬೆರಳಿಗೆ ದಾರ ಸುತ್ತಿದ ಅಳತೆ ಸಾಮಾನ್ಯವಾಗಿ ಕಡಿಮೆಯೇ ಬರುತ್ತದೆ, ಗೆಣ್ಣಿನ ದಪ್ಪ ಅದರಲ್ಲಿ ಸೇರಿರುವುದಿಲ್ಲ.

ಮೇಲೆ "ಬಲಗೈ" ಅಂತ ಹೇಳಿದ್ದನ್ನು ಗಮನಿಸಿದಿರಾ? ಇದನ್ನು ಕೇಳಿ ತಿಳಿದುಕೊಳ್ಳಬೇಕಾಯಿತು. ಬ್ರಿಟನ್ನಿನ ಅಂಗಡಿಯಲ್ಲಿ ಮದುವೆ ಉಂಗುರ ಅಂದರೆ ಎಡಗೈ ಚಾಚಿಸುತ್ತಾರೆ. ನಮ್ಮ ಮನೆಯಲ್ಲಿ ಶಾಸ್ತ್ರದ ದಿನ ತೊಡಿಸುವುದು ಬಲಗೈಗೆ. ಬಲಗೈಯಲ್ಲಿ ಕೆಲಸ ಮಾಡುವವರಿಗೆ ಬಲಗೈ ಬೆರಳು ಸಾಮಾನ್ಯವಾಗಿ ಸ್ವಲ್ಪ ದಪ್ಪ ಇರುತ್ತದೆ. ಅಲ್ಲಿ ಅರ್ಧ ಅಕ್ಷರದ ವ್ಯತ್ಯಾಸ ಆರಾಮಾಗಿ ಬರಬಹುದು. ನಮ್ಮ ಪುಣ್ಯಕ್ಕೆ ಹುಡುಗ ಬಲಗೈಯನ್ನೇ ಅಳೆಸಿದ್ದ. ಅವರಮ್ಮ ಮೊದಲೇ ಹೇಳಿ ಕಳಿಸಿದ್ದರಂತೆ.

ಹಾಗಾದರೆ 60ಕ್ಕೇ ಮಾಡಿಸುವುದಾ? ಇಲ್ಲ. ಅಣ್ಣ ಆರಿಸಿದ್ದು 6 ಮಿ.ಮೀ. ಅಗಲದ ಪಟ್ಟಿ ಉಂಗುರ. ಹುಡುಗನ ಬೆರಳಿಗೆ ಅಂಗಡಿಯವರು ತೊಡಿಸಿ ನೋಡಿದ್ದು ಗೊಂಚಲಿನ ಅಳತೆ ಉಂಗುರಗಳನ್ನು, ಅವು ತೆಳ್ಳಗಿದ್ದವು. ಒಳಸುತ್ತಳತೆ ಒಂದೇ ಆಗಿದ್ದರೂ ಅಗಲದ ಪಟ್ಟಿ ಬಿಗಿ ಅನ್ನಿಸುತ್ತದೆ. ಕಿರಿದಾದ ಉಂಗುರ ಅಕ್ಕಪಕ್ಕದ ಚರ್ಮವನ್ನು ಸರಿಸಿಕೊಂಡು ಕೂರುತ್ತದೆ, ಅಗಲದ ಪಟ್ಟಿ ಅಷ್ಟೂ ಚರ್ಮವನ್ನು ಒಟ್ಟಿಗೆ ಒತ್ತುತ್ತದೆ. ಗೆಣ್ಣು ದಾಟಿಸುವಾಗಲೂ ಹಾಗೆಯೇ. ಅದರ ಮೇಲೆ, ಅವನು ಅಳೆಸಿದ್ದು ಅಲ್ಲಿನ ಚಳಿಯಲ್ಲಿ. ನಿಶ್ಚಿತಾರ್ಥ ಇಲ್ಲಿನ ಬೇಸಿಗೆಯಲ್ಲಿ, ಛತ್ರದ ಸೆಖೆಯಲ್ಲಿ. ಚಳಿಗೆ ಕುಗ್ಗಿದ ಬೆರಳು ಇಲ್ಲಿ ಬಂದು ಊದಿಕೊಳ್ಳುತ್ತದೆ. ಈ ಎರಡನ್ನೂ ಸೇರಿಸಿ ಅರ್ಧ ಅಕ್ಷರ ಮೇಲೆ ಹೋಗೋಣ ಅಂತ ಆಚಾರ್ರು ಹೇಳಿದರು. ಅಂದರೆ ಅವರು "ಅರ್ಧ ನಂಬರ್" ಅಂದರು, ನಾನು "ಅರ್ಧ ಅಕ್ಷರ" ಅಂದೆ. ಅರ್ಧ ನಂಬರ್ ಅಂದರೆ 0.5 ಮಿ.ಮೀ., ಅರ್ಧ ಅಕ್ಷರ ಅಂದರೆ 0.6. ಅಷ್ಟರಲ್ಲಿ ಜಗಳ ಬೇಡ ಅಂತ S½ಗೆ ಒಪ್ಪಿದೆವು, 60.6 ಮಿ.ಮೀ. ಒಳವ್ಯಾಸ 19.3. ಅವರ ಕಡ್ಡಿಯಲ್ಲಿ ಅದು 20ರ ಗೆರೆ ದಾಟಿ ಸ್ವಲ್ಪ ಮುಂದೆ.

ಆ ಅಂಕಿ ಚಿನ್ನಕ್ಕೆ ಇಳಿಯುವುದನ್ನು ನೋಡುವುದು ನನಗೆ ಇಷ್ಟವಾಯಿತು. ಒಳಸುತ್ತಳತೆ 60.6 ಅಂತ ಅಷ್ಟೇ ಉದ್ದದ ಪಟ್ಟಿ ಕತ್ತರಿಸಿದರೆ ಉಂಗುರ ಚಿಕ್ಕದಾಗುತ್ತದೆ. ಬಾಗಿಸಿದಾಗ ಪಟ್ಟಿಯ ಒಳಮೈ ಕುಗ್ಗುತ್ತದೆ, ಹೊರಮೈ ಹಿಗ್ಗುತ್ತದೆ, ನಡುಮಧ್ಯ ಮಾತ್ರ ಇದ್ದಷ್ಟೇ ಇರುತ್ತದೆ. ಹಾಗಾಗಿ ಪಟ್ಟಿಯ ದಪ್ಪವನ್ನು 3.14ರಿಂದ ಗುಣಿಸಿ ಸೇರಿಸಬೇಕು. ನಮ್ಮದು 1.6 ಮಿ.ಮೀ. ದಪ್ಪ, ಅಂದರೆ 5 ಮಿ.ಮೀ. ಕೂಡಿಸಬೇಕು. ಲೆಕ್ಕಕ್ಕೆ 65.6. ಆಚಾರ್ರು ಈ ಸೂತ್ರವನ್ನು ಯಾವತ್ತೂ ಬರೆದವರಲ್ಲ. "ದಪ್ಪದ ಮೂರರಷ್ಟು, ಮೇಲೆ ಒಂದು ಚೂರು" ಅನ್ನುತ್ತಾರೆ. ಅದು ಇದೇ ಲೆಕ್ಕ.

ಆದರೆ ಅವರು ಕತ್ತರಿಸಿದ್ದು 65ಕ್ಕೆ. ಯಾಕೆ ಅಂತ ಕೇಳಿದೆ. "ಚಿಕ್ಕದಿದ್ದರೆ ಕಡ್ಡಿಗೆ ಹಾಕಿ ತಟ್ಟಿ ಹಿಗ್ಗಿಸಬಹುದು ಸರ್. ದೊಡ್ಡದಾದರೆ ಕತ್ತರಿಸಲೇಬೇಕು" ಅಂದರು. ಬೆಸುಗೆ ಹಾಕಿ, ಕಡ್ಡಿಗೆ ತೂರಿಸಿ, ಕೊಡತಿಯಲ್ಲಿ ತಟ್ಟುತ್ತಾ, ಆಗಾಗ ಉಂಗುರವನ್ನು ತಿರುಗಿಸಿ ಹಾಕುತ್ತಾ ಬಂದರು. ಕಡ್ಡಿ ಇಳಿಜಾರಲ್ಲವೇ? ತಿರುಗಿಸದಿದ್ದರೆ ಉಂಗುರದ ಒಂದು ಬಾಯಿ ಅಗಲ, ಇನ್ನೊಂದು ಬಾಯಿ ಕಿರಿದು ಆಗುತ್ತದೆ. ಪಾಲಿಶ್ ಕೂಡ ಲೆಕ್ಕದಲ್ಲಿತ್ತು. ಒಳಮೈಯಲ್ಲಿ ಸುತ್ತಲೂ 0.05 ಮಿ.ಮೀ. ಉಜ್ಜಿ ಹೋದರೂ ಸುತ್ತಳತೆ 0.3 ಬೆಳೆಯುತ್ತದೆ. ಅಂದರೆ ಕಾಲು ಅಕ್ಷರ ಬರೀ ಉಜ್ಜಾಟದಲ್ಲೇ ಬರುತ್ತದೆ.

ಅಗಲದ ಉಂಗುರವನ್ನು ಕಡ್ಡಿಯಲ್ಲಿ ಓದುವಾಗ ಇನ್ನೊಂದು ತಕರಾರು ಬರುತ್ತದೆ. ಅದು 6 ಮಿ.ಮೀ. ಜಾಗ ಹಿಡಿದು ಕೂರುತ್ತದೆ. ಮೇಲಂಚು ಒಂದು ಗೆರೆಯ ಹತ್ತಿರ, ಕೆಳಂಚು ಇನ್ನೊಂದು ಗೆರೆಯ ಹತ್ತಿರ. ಈ ಕಡ್ಡಿಯಲ್ಲಿ ಎರಡು ಅಂಚುಗಳ ನಡುವೆ ಒಂದು ನಂಬರಿಗಿಂತ ಜಾಸ್ತಿಯೇ ಅಂತರ ಇತ್ತು. ಯಾವ ಅಂಚು ಓದಬೇಕು? ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ. ನಮ್ಮ ಆಚಾರ್ರು ಪಟ್ಟಿಯ ಮಧ್ಯಕ್ಕೆ ಓದುತ್ತಾರೆ. ಒಂದೇ ಉಂಗುರಕ್ಕೆ ಎರಡು ಅಂಗಡಿಯವರು ಎರಡು ನಂಬರ್ ಹೇಳಿದರೆ ಎಷ್ಟೋ ಸಲ ಕಾರಣ ಇಷ್ಟೇ. ನಾನು ಮುಗಿದ ಉಂಗುರವನ್ನು ಕಡ್ಡಿಯಿಂದ ತೆಗೆದು ವರ್ನಿಯರಿನ ಒಳದವಡೆಯಲ್ಲಿ ಅಳೆದೆ. ಉಂಗುರ ಪೂರ್ತಿ ದುಂಡಗೆ ಇರುತ್ತದೆ ಅಂತ ನಂಬಬಾರದು, ದಿಕ್ಕು ಬದಲಿಸಿ ನೋಡಬೇಕು. 19.25, 19.3, 19.3, 19.35. ಸರಾಸರಿ 19.3, ಸುತ್ತಳತೆ 60.6. ಹಾಲ್‌ಮಾರ್ಕಿಗೆ ಕಳಿಸುವ ಮೊದಲೇ ಈ ಅಳತೆ ಮುಗಿಯಬೇಕು. ಮಾರ್ಕ್ ಬಿದ್ದ ಮೇಲೆ ಕತ್ತರಿಸಿ ಬೆಸೆಯುವ ಗೋಳು ಯಾರಿಗೆ ಬೇಕು?

ಲೆಕ್ಕ ಮಾಡುತ್ತಾ ಕೂತಾಗ ಸಿಕ್ಕ ಒಂದು ಮಜಾ ಸಂಗತಿ ಹೇಳಿಬಿಡುತ್ತೇನೆ. O ಹದಿನೈದನೇ ಅಕ್ಷರ, 55 ಮಿ.ಮೀ. ನಮ್ಮ 15 ಕೂಡ 55. ಎರಡು ಲೆಕ್ಕಗಳು ಸೇರುವುದು ಅಲ್ಲೊಂದೇ ಕಡೆ. ಅಲ್ಲಿಂದ ಒಂದೊಂದು ಮೆಟ್ಟಿಲಿಗೆ ಕಾಲು ಮಿ.ಮೀ. ದೂರ ಸರಿಯುತ್ತವೆ. ಹಾಗಾಗಿ ಅಕ್ಷರದ ಕ್ರಮಸಂಖ್ಯೆಯೇ ಹೆಚ್ಚು ಕಮ್ಮಿ ನಮ್ಮ ನಂಬರ್. S ಹತ್ತೊಂಬತ್ತನೇದು, ನಮ್ಮದರಲ್ಲಿ 20. K ಹನ್ನೊಂದನೇದು, ನಮ್ಮದರಲ್ಲಿ 10. ಯಾರಾದರೂ ಹೇಳಿದ ಅಂಕಿ ಇದರಿಂದ ತುಂಬಾ ಆಚೆ ಹೋಗಿದ್ದರೆ ಎಲ್ಲೋ ಅಮೆರಿಕದ ನಂಬರ್ ನುಸುಳಿದೆ ಅಂತ ಲೆಕ್ಕ.

ಉಂಗುರ ಮುಗಿಯುವ ಹೊತ್ತಿಗೆ ಹುಡುಗನ ಅಮ್ಮ ಫೋನ್ ಮಾಡಿದರು. ಹುಡುಗಿಯ ಉಂಗುರವನ್ನು ಮಗ ಅಲ್ಲಿಂದಲೇ ತರುತ್ತಾನಂತೆ, ಅಳತೆ ಬೇಕು. ಇಲ್ಲಿಯ ಅಂಗಡಿಯಲ್ಲಿ ಅವಳಿಗೆ 12 ಅಂದಿದ್ದರು. ಈಗ ಲೆಕ್ಕ ಉಲ್ಟಾ. ಅವಳ ಬೆರಳಿಗೆ ಕೂರುವ ಉಂಗುರವನ್ನೇ ವರ್ನಿಯರಿನಲ್ಲಿ ನೋಡಿದೆ, ಒಳವ್ಯಾಸ 16.55, ಸುತ್ತಳತೆ 52. ಅದರಲ್ಲಿ 36.25 ಕಳೆದರೆ 15.75. ಅದನ್ನು 1.25ರಿಂದ ಭಾಗಿಸಿದರೆ 12.6. ಹನ್ನೆರಡನೇ ಅಕ್ಷರ L, ಹದಿಮೂರನೇದು M. ನಡುವಿನ L½ ಅಂದರೆ 51.9, ಇದಕ್ಕೇ ಹತ್ತಿರ. ಅವರು ಆರಿಸಿದ್ದು ಕಲ್ಲು ಕೂರಿಸಿದ ತೆಳ್ಳನೆಯ ಉಂಗುರ, 2 ಮಿ.ಮೀ. ಅಗಲ. ಹಾಗಾಗಿ ಅಗಲಕ್ಕೆ ಅಂತ ಏನೂ ಕೂಡಿಸುವುದು ಬೇಡ.

"ಅಕ್ಷರ ಒಂದನ್ನೇ ಕಳಿಸಬೇಡಿ ಅಕ್ಕಾ" ಅಂತ ಹೇಳಿ ಮೂರನ್ನೂ ಬರೆದು ಕಳಿಸಿದೆ: ಒಳಸುತ್ತಳತೆ 52 ಮಿ.ಮೀ., L½, ಬಲಗೈ ಉಂಗುರಬೆರಳು. ಐಎಸ್‌ಒ 8653 ಅನ್ನುವ ಅಂತರರಾಷ್ಟ್ರೀಯ ಮಾನಕದಲ್ಲಿ ಸೈಜ್ ಅಂದರೆ ಮಿಲಿಮೀಟರಿನ ಸುತ್ತಳತೆಯೇ, ಬೇರೆ ಹೆಸರೇ ಇಲ್ಲ. ಅಂಗಡಿಯವರು ಅಮೆರಿಕದ ನಂಬರ್ ಕೇಳಿದರೂ 52 ಅಂತಲೇ ಹೇಳಲು ತಿಳಿಸಿದೆ, 6 ಅಂತ ಅವರೇ ಮಾಡಿಕೊಳ್ಳುತ್ತಾರೆ.